ಮಂಜು ಕವಿದ ವಿಸ್ಕಿ ಮತ್ತು ಬಣ್ಣದ ಭ್ರಮೆ

ಪ್ರಶ್ನೆ: ಎರಡು ಸಿಂಗಲ್ ಮಾಲ್ಟ್ ವಿಸ್ಕಿ ಕೊಂಡಿದ್ದೇನೆ. ಒಂದು ಶೇ. 40 ಆಲ್ಕೋಹಾಲ್‌ನದ್ದು, 12 ವರ್ಷದ್ದು, ಒಳ್ಳೆಯ ಗಾಢ ಚಿನ್ನದ ಬಣ್ಣ. ಇನ್ನೊಂದು ಶೇ. 46ರದ್ದು, 10 ವರ್ಷದ್ದು, ಒಣಹುಲ್ಲಿನಷ್ಟು ತೆಳು ಬಣ್ಣ. ಎರಡನೆಯದರ ಬೆಲೆ ಐದನೇ ಒಂದು ಭಾಗ ಹೆಚ್ಚು. ಅದರ ಮೇಲೆ ‘ನಾನ್ ಚಿಲ್ ಫಿಲ್ಟರ್ಡ್’, ‘ನ್ಯಾಚುರಲ್ ಕಲರ್’ ಎಂದು ಬರೆದಿದೆ. ರಾತ್ರಿ ಫ್ರಿಜ್‌ನಲ್ಲಿ ಇಟ್ಟಿದ್ದೆ, ಬೆಳಿಗ್ಗೆ ನೋಡಿದರೆ ಹೊಗೆ ತುಂಬಿದಂತೆ ಮಸುಕಾಗಿತ್ತು. ಇದು ನಕಲಿ ಎಂದು ಸ್ನೇಹಿತರು ಹೇಳುತ್ತಾರೆ. ಗಾಢ ಬಣ್ಣದ್ದರಲ್ಲಿ ರಾಸಾಯನಿಕ ಇರುತ್ತದೆ, ಅದು ಕ್ಯಾನ್ಸರ್ ತರುತ್ತದೆ ಎಂದು ಬೇರೆಯವರು ಹೆದರಿಸುತ್ತಾರೆ. ಬಾಟಲಿ ಹಿಂದಿರುಗಿಸಲೇ? ಆ ಎರಡು ಪದಗಳಿಗಾಗಿ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿದೆಯೇ?

ಉತ್ತರ: ಸದ್ಯಕ್ಕೆ ಹಿಂದಿರುಗಿಸಬೇಡಿ. ಬಾಟಲಿಯನ್ನು ಫ್ರಿಜ್‌ನಿಂದ ತೆಗೆದು ಕೋಣೆಯ ಉಷ್ಣಾಂಶಕ್ಕೆ ಬರಲು ಬಿಡಿ. ಕಾಯುವ ತಾಳ್ಮೆ ಇಲ್ಲದಿದ್ದರೆ ಸ್ವಲ್ಪ ವಿಸ್ಕಿಯನ್ನು ಪಾರದರ್ಶಕ ಲೋಟಕ್ಕೆ ಸುರಿದು, ಆ ಲೋಟವನ್ನು ಉಗುರುಬೆಚ್ಚಗಿನ ನೀರಿನ ಬಟ್ಟಲಲ್ಲಿ ಹತ್ತು ನಿಮಿಷ ನಿಲ್ಲಿಸಿ, ದೀಪಕ್ಕೆ ಎದುರಾಗಿ ಹಿಡಿದು ನೋಡಿ. ಮಸುಕು ಕರಗಿ ತಿಳಿಯಾಯಿತೆಂದರೆ ನಿಮ್ಮ ವಿಸ್ಕಿಗೆ ಏನೂ ಆಗಿಲ್ಲ. ತಣ್ಣಗಾದಾಗ ಅದು ಮತ್ತೆ ಮಸುಕಾಗುತ್ತದೆ, ಬೆಚ್ಚಗಾದಾಗ ಮತ್ತೆ ತಿಳಿಯಾಗುತ್ತದೆ, ಎಷ್ಟು ಸಲ ಬೇಕಾದರೂ.

ಈ ಮಸುಕು ಬರುವುದು ಎಲ್ಲಿಂದ ಎಂದು ತಿಳಿದರೆ ಲೇಬಲ್ ಮೇಲಿನ ‘ನಾನ್ ಚಿಲ್ ಫಿಲ್ಟರ್ಡ್’, ಅಂದರೆ ತಣ್ಣಗೆ ಸೋಸಿಲ್ಲ ಎಂಬ ಮೊದಲ ಪದದ ಗುಟ್ಟೂ ತಿಳಿಯುತ್ತದೆ. ಧಾನ್ಯದ ಕಷಾಯ ಹುದುಗುವಾಗ ಯೀಸ್ಟ್ ಆಲ್ಕೋಹಾಲ್ ಜೊತೆಗೆ ಕೊಬ್ಬಿನ ಆಮ್ಲಗಳನ್ನೂ ಉಂಟುಮಾಡುತ್ತದೆ. ಇವು ಆಲ್ಕೋಹಾಲ್‌ನೊಂದಿಗೆ ಕೂಡಿ ಎಸ್ಟರ್‌ಗಳಾಗುತ್ತವೆ. ಚಿಕ್ಕ ಎಸ್ಟರ್‌ಗಳು ಹಣ್ಣಿನ ಪರಿಮಳ ಕೊಟ್ಟು ಸುಮ್ಮನಿರುತ್ತವೆ. ತಕರಾರು ಮಾಡುವವು ಈಥೈಲ್ ಲಾರೇಟ್, ಈಥೈಲ್ ಪಾಲ್ಮಿಟೇಟ್‌ನಂಥ ಉದ್ದ ಸರಪಳಿಯ ಎಸ್ಟರ್‌ಗಳು. ಇವು ಸ್ವಭಾವತಃ ಎಣ್ಣೆಯ ಜಾತಿಯವು. ಆಲ್ಕೋಹಾಲ್‌ನಲ್ಲಿ ಸಲೀಸಾಗಿ ಕರಗುತ್ತವೆ, ನೀರಿನೊಂದಿಗೆ ಇವುಗಳಿಗೆ ಆಗಿಬರುವುದಿಲ್ಲ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟುವುದನ್ನು ನೋಡಿದ್ದೀರಲ್ಲ, ಅದರ ಮುಖ್ಯ ಆಮ್ಲವಾದ ಲಾರಿಕ್ ಆಮ್ಲವೇ ಇಲ್ಲಿ ಈಥೈಲ್ ಲಾರೇಟ್‌ನ ಮೂಲ. ವಿಸ್ಕಿ ತಣ್ಣಗಾದಾಗ ಅಥವಾ ಅದಕ್ಕೆ ನೀರು ಬಿದ್ದಾಗ ಈ ಎಸ್ಟರ್‌ಗಳು ದ್ರಾವಣದಿಂದ ಹೊರಬಂದು ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣ ಹನಿಗಳಾಗುತ್ತವೆ. ಅವು ಬೆಳಕನ್ನು ಚದುರಿಸುತ್ತವೆ. ನಿಮಗೆ ಹೊಗೆಯಂತೆ ಕಂಡದ್ದು ಇದೇ.

ಇದು ಭಟ್ಟಿ ಇಳಿಸುವವರಿಗೆ ಬಹಳ ಹಿಂದಿನಿಂದ ಗೊತ್ತಿರುವ ವಿಷಯ. ಸ್ಕಾಟ್ಲೆಂಡಿನ ಡಿಸ್ಟಿಲರಿಗಳಲ್ಲಿ ಎರಡನೇ ಬಟ್ಟಿಯಿಂದ ಮೊದಲು ಇಳಿಯುವ ದ್ರವವನ್ನು ವಿಸ್ಕಿಗೆ ಬಳಸುವುದಿಲ್ಲ. ಹಿಂದಿನ ಸುತ್ತಿನಲ್ಲಿ ಉಪಕರಣದ ಒಳಗೋಡೆಗೆ ಅಂಟಿಕೊಂಡಿದ್ದ ಇಂಥ ಜಿಡ್ಡು ಅದರ ಜೊತೆ ತೊಳೆದು ಬರುತ್ತದೆ. ಅದನ್ನು ಎಲ್ಲಿಯವರೆಗೆ ಬೇರ್ಪಡಿಸಬೇಕು ಎಂದು ತಿಳಿಯಲು ಒಂದು ಹಳೆಯ ಪರೀಕ್ಷೆ ಇದೆ: ಇಳಿಯುತ್ತಿರುವ ದ್ರವದ ಮಾದರಿಗೆ ನೀರು ಬೆರೆಸಿ ಶೇ. 45.7ಕ್ಕೆ ಇಳಿಸುವುದು. ಹಾಲಿನಂತೆ ಮಸುಕಾದರೆ ಇನ್ನೂ ಜಿಡ್ಡಿದೆ, ಪಕ್ಕಕ್ಕೆ ಹರಿಯಲಿ. ನೀರು ಬೆರೆಸಿದರೂ ತಿಳಿಯಾಗಿಯೇ ಉಳಿದರೆ ಇನ್ನು ವಿಸ್ಕಿಗೆ ಹಿಡಿಯಬಹುದು. ಆ 45.7 ಎಂಬ ಅಂಕಿಯನ್ನು ನಿಮ್ಮ ಬಾಟಲಿಯ ಮೇಲಿನ 46ರ ಪಕ್ಕದಲ್ಲಿ ಇಟ್ಟು ನೋಡಿ. ಸಾಮಾನ್ಯ ಉಷ್ಣಾಂಶದಲ್ಲಿ ಉದ್ದ ಎಸ್ಟರ್‌ಗಳನ್ನು ಕರಗಿಸಿ ಇಟ್ಟುಕೊಳ್ಳುವ ಶಕ್ತಿ ವಿಸ್ಕಿಗೆ ಇರುವುದು ಹೆಚ್ಚುಕಡಿಮೆ ಅಲ್ಲಿಯವರೆಗೆ. ಅದರ ಕೆಳಗೆ ಹೋದಷ್ಟೂ ಹಿಡಿತ ಸಡಿಲವಾಗುತ್ತದೆ. ತಣ್ಣಗೆ ಸೋಸದ ವಿಸ್ಕಿಗಳು ಶೇ. 46ರ ಆಸುಪಾಸಿನಲ್ಲೇ ಬರುವುದಕ್ಕೆ ಕಾರಣ ಇದು. 2010ರಲ್ಲಿ ಬನ್ನಹೇವನ್, ಡೀನ್‌ಸ್ಟನ್, ಟೋಬರ್ಮೋರಿ ಮಾಲ್ಟ್‌ಗಳನ್ನು ತಣ್ಣಗೆ ಸೋಸುವುದನ್ನು ಅವುಗಳ ಮಾಲೀಕ ಸಂಸ್ಥೆ ನಿಲ್ಲಿಸಿದಾಗ ಆರಿಸಿಕೊಂಡ ಅಂಕಿ 46.3.

ಆದರೆ 46 ಎಂಬುದು ಗೋಡೆಯೇನಲ್ಲ. ಫ್ರಿಜ್‌ನ ನಾಲ್ಕು ಡಿಗ್ರಿಯಲ್ಲಿ ಅದೂ ಮಣಿಯುತ್ತದೆ, ನೀವೇ ನೋಡಿದ್ದೀರಿ. ನೀರು ಬೆರೆಸಿದಾಗಲೂ ಹಾಗೆಯೇ. ಶೇ. 46ರ 50 ಮಿಲಿ ವಿಸ್ಕಿಯಲ್ಲಿ ಶುದ್ಧ ಆಲ್ಕೋಹಾಲ್ ಇರುವುದು 23 ಮಿಲಿ. ಅದಕ್ಕೆ 15 ಮಿಲಿ ನೀರು ಹಾಕಿದರೆ ಲೋಟದಲ್ಲಿರುವುದು ಸುಮಾರು ಶೇ. 35ರ ವಿಸ್ಕಿ. ಮಂಜುಗಡ್ಡೆಯೂ ಬಿದ್ದರಂತೂ ತೆಳು ಪರದೆ ಇಳಿದಂತೆ ಕಾಣುವುದು ಖಚಿತ ಎನ್ನಬಹುದು. ಎಣ್ಣೆಯ ಗುಣ ಹೆಚ್ಚಿರುವ ಭಾರವಾದ ಮಾಲ್ಟ್‌ಗಳಲ್ಲಿ ಇದು ಬೇಗ, ಹಗುರವಾದವುಗಳಲ್ಲಿ ತಡವಾಗಿ.

ಬೆಚ್ಚಗಾದ ಮೇಲೂ ಮಸುಕು ಹೋಗದಿದ್ದರೆ? ಆಗ ಏನು ಕಾಣುತ್ತಿದೆ ಎಂದು ಬಾಟಲಿಯ ತಳವನ್ನು ಗಮನಿಸಿ. ಕಪ್ಪು ಚುಕ್ಕೆಗಳು ಪೀಪಾಯಿಯ ಒಳಮೈ ಸುಟ್ಟ ಇದ್ದಿಲಿನ ಪುಡಿ. ಕಂದು ಚೂರುಗಳು ಬಿರಡೆಯ ಕಾರ್ಕಿನವು. ಬಾಟಲಿಯನ್ನು ಮಲಗಿಸಿ ಇಟ್ಟರೆ ಆಲ್ಕೋಹಾಲ್ ಕಾರ್ಕನ್ನು ತಿನ್ನುತ್ತದೆ, ಆದ್ದರಿಂದ ವಿಸ್ಕಿಯನ್ನು ಸದಾ ನಿಲ್ಲಿಸಿಯೇ ಇಡಬೇಕು. ಬಿಳಿ ಹರಳಿನಂಥ ಕಣಗಳು ತಳಕ್ಕೆ ಕುಳಿತು ಅಲುಗಿಸಿದಾಗ ಎದ್ದರೆ ಅದು ಹೆಚ್ಚಾಗಿ ಕ್ಯಾಲ್ಸಿಯಂ ಆಕ್ಸಲೇಟ್: ಮರದಿಂದ ಬಂದ ಆಕ್ಸಲಿಕ್ ಆಮ್ಲವೂ ಬಾಟಲಿಗೆ ತುಂಬುವ ಮುನ್ನ ಬೆರೆಸಿದ ನೀರಿನ ಕ್ಯಾಲ್ಸಿಯಂ ಕೂಡಿ ಆದದ್ದು. ಬಾಟ್ಲಿಂಗ್‌ಗೆ ಖನಿಜ ತೆಗೆದ ನೀರನ್ನು ಬಳಸುವುದು ಇದೇ ಕಾರಣಕ್ಕೆ. ಇವು ಯಾವುವೂ ಮಾಲು ಕೆಟ್ಟಿರುವುದರ ಗುರುತಲ್ಲ. ಆದರೆ ಇಡೀ ದ್ರವವೇ ಬೆಚ್ಚಗಿದ್ದಾಗಲೂ ಮಸುಕಾಗಿದ್ದು ವಾಸನೆಯೂ ಸರಿ ಎನಿಸದಿದ್ದರೆ ಕುಡಿಯಬೇಡಿ, ಆಗ ಹಿಂದಿರುಗಿಸಿ.

ನಿಮ್ಮ ಸ್ನೇಹಿತರ ಮಾತಿಗೆ ಬರೋಣ. ವಾಸನೆಯಿಲ್ಲದ ಶುದ್ಧ ಸ್ಪಿರಿಟ್‌ಗೆ ಬಣ್ಣ ಮತ್ತು ಸುವಾಸನೆ ಸೇರಿಸಿ ಮಾಡಿದ ನಕಲಿಯಲ್ಲಿ ಈ ಉದ್ದ ಎಸ್ಟರ್‌ಗಳು ಇರುವುದು ವಿರಳ, ಆದ್ದರಿಂದ ಅದು ಫ್ರಿಜ್‌ನಲ್ಲೂ ಕನ್ನಡಿಯಂತೆ ತಿಳಿಯಾಗಿರುವ ಸಾಧ್ಯತೆಯೇ ಹೆಚ್ಚು. ಅಂದರೆ ಮಸುಕು ಸಂಶಯವನ್ನು ಸ್ವಲ್ಪ ಕಡಿಮೆ ಮಾಡಬೇಕೇ ವಿನಾ ಹೆಚ್ಚಿಸಬಾರದು. ಹಾಗೆಂದು ಇದನ್ನೇ ಅಸಲಿತನದ ಪರೀಕ್ಷೆ ಮಾಡಿಕೊಳ್ಳಬೇಡಿ. ತಣ್ಣಗೆ ಸೋಸಿದ ಅಸಲಿ ವಿಸ್ಕಿಯೂ ತಿಳಿಯಾಗಿಯೇ ಇರುತ್ತದೆ. ಹಳೆಯ ಬಾಟಲಿಗೆ ಅಗ್ಗದ ಮಾಲ್ಟ್ ತುಂಬಿ ಮಾರಿದರೆ ಅದೂ ಮಸುಕಾಗುತ್ತದೆ. ವಿಷಕಾರಿ ಮೆಥನಾಲ್ ಇದೆಯೋ ಇಲ್ಲವೋ ಎಂಬುದನ್ನಂತೂ ಕಣ್ಣಾಗಲಿ ಮೂಗಾಗಲಿ ಹೇಳಲಾರದು. ಅದಕ್ಕೆ ಇರುವ ದಾರಿ ಮುಚ್ಚಳದ ಸೀಲು ಸರಿಯಾಗಿರುವುದನ್ನು ನೋಡುವುದು, ಪರವಾನಗಿ ಇರುವವರಿಂದ ಮಾತ್ರ ಕೊಳ್ಳುವುದು.

ಈಗ ಸೋಸುವ ಕೆಲಸದ ಬಗ್ಗೆ. ಪೀಪಾಯಿಯಿಂದ ಬಂದ ಹೆಚ್ಚುಕಡಿಮೆ ಎಲ್ಲ ವಿಸ್ಕಿಯನ್ನೂ ಸೋಸುತ್ತಾರೆ, ಇಲ್ಲದಿದ್ದರೆ ಇದ್ದಿಲು ನಿಮ್ಮ ಲೋಟಕ್ಕೆ ಬರುತ್ತದೆ. ತಣ್ಣಗೆ ಸೋಸುವುದು ಇದರ ಮುಂದಿನ ಹೆಜ್ಜೆ. ವಿಸ್ಕಿಯನ್ನು ಸೊನ್ನೆ ಡಿಗ್ರಿಯ ಆಸುಪಾಸಿಗೆ, ಮಾಲ್ಟಿಗೆ ಬೇರೆ ಧಾನ್ಯದ ವಿಸ್ಕಿ ಬೆರೆಸಿದ ಬ್ಲೆಂಡೆಡ್ ವಿಸ್ಕಿಯಾದರೆ ಹಲವು ಸಲ ಅದಕ್ಕೂ ಕೆಳಕ್ಕೆ ತಣಿಸುತ್ತಾರೆ. ಎಸ್ಟರ್‌ಗಳು ಹೊರಬಂದು ಗುಂಪುಗೂಡುತ್ತವೆ. ಆಗ ಒತ್ತಡ ಕೊಟ್ಟು, ಸಾಲಾಗಿ ಜೋಡಿಸಿದ ಸೆಲ್ಯುಲೋಸ್ ಹಾಳೆಗಳ ಮೂಲಕ ಹಾಯಿಸುತ್ತಾರೆ. ಜಿಡ್ಡು ಹಾಳೆಯಲ್ಲಿ ಉಳಿಯುತ್ತದೆ. ಬಿಚ್ಚಿದ ಹಾಳೆಯನ್ನು ಬೆರಳಿನಿಂದ ಸವರಿದರೆ ಮೇಣದಂತೆ ನುಣುಪಾಗಿರುತ್ತದೆ, ಮೂಸಿದರೆ ಮೇಣದ ಜೊತೆ ಸೋಪಿನ ವಾಸನೆಯೂ ಸೇರಿಕೊಂಡಿರುತ್ತದೆ. ಅದನ್ನು ಒಮ್ಮೆ ಮೂಸಿದವರಿಗೆ ಎರಡು ಮಾತು ಒಟ್ಟಿಗೆ ಹೊಳೆಯುತ್ತವೆ: ಇಲ್ಲಿ ಏನೋ ಕಳೆದುಹೋಗಿದೆ, ಆದರೆ ಕಳೆದುಹೋದದ್ದೆಲ್ಲ ಅಮೃತವೂ ಅಲ್ಲ.

ರುಚಿಯಲ್ಲಿ ಎಷ್ಟು ವ್ಯತ್ಯಾಸ? ಇದರ ಬಗ್ಗೆ ಉತ್ಸಾಹಿಗಳು ಹೇಳುವಷ್ಟು ದೊಡ್ಡದನ್ನು ನಾನು ಕಂಡಿಲ್ಲ, ಉದ್ಯಮದವರು ಹೇಳುವಷ್ಟು ಶೂನ್ಯವೂ ಅಲ್ಲ. ಎಷ್ಟು ತಣಿಸಿದರು, ಎಷ್ಟು ಹಾಳೆಗಳ ಮೂಲಕ ಎಷ್ಟು ನಿಧಾನವಾಗಿ ಹಾಯಿಸಿದರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸೊನ್ನೆಗಿಂತ ಸ್ವಲ್ಪ ಮೇಲೆ, ಕೆಲವೇ ಹಾಳೆಗಳಲ್ಲಿ ಸೋಸಿದ ಮಾಲ್ಟನ್ನು ಸೋಸದ ಅದೇ ಮಾಲ್ಟಿನ ಪಕ್ಕದಲ್ಲಿ, ಎರಡನ್ನೂ ಒಂದೇ ಶೇಕಡಾವಾರಿಗೆ ಇಳಿಸಿ, ಲೋಟಗಳ ಗುರುತು ಮರೆಸಿ ಕೊಟ್ಟರೆ ನುರಿತವರೂ ತಡವರಿಸುತ್ತಾರೆ. ವ್ಯತ್ಯಾಸ ಗೊತ್ತಾದಾಗ ಅದು ಬಹುಮಟ್ಟಿಗೆ ನಾಲಗೆಗೆ ತಾಗುವ ದಪ್ಪದಲ್ಲಿ, ನುಂಗಿದ ಮೇಲೆ ಉಳಿಯುವ ತೆಳು ಜಿಡ್ಡಿನಲ್ಲಿ. ಭಾರವಾದ, ಎಣ್ಣೆ ಗುಣದ ಮಾಲ್ಟ್ ಆಗಿದ್ದರೆ ಹೆಚ್ಚು. ಧಾನ್ಯದ ವಿಸ್ಕಿ ಬಹುಪಾಲು ಇರುವ ಬ್ಲೆಂಡ್‌ಗಳಲ್ಲಿ ಕಳೆದುಕೊಳ್ಳಲು ಹೆಚ್ಚೇನೂ ಇರುವುದಿಲ್ಲ.

ಮನೆಯಲ್ಲಿ ಹೋಲಿಸುವವರು ‘ಒಂದೇ ಶೇಕಡಾವಾರು’ ಎಂಬ ಮಾತನ್ನು ಮರೆತುಬಿಡುತ್ತಾರೆ. ಶೇ. 46ರ, ಸೋಸದ ವಿಸ್ಕಿಯನ್ನು ಶೇ. 40ರ, ಸೋಸಿದ ವಿಸ್ಕಿಯ ಜೊತೆ ಇಟ್ಟು ಕುಡಿದು, ಮೊದಲನೆಯದರ ತುಂಬು ರುಚಿಗೆ ಸೋಸದಿರುವುದೇ ಕಾರಣ ಎನ್ನುತ್ತಾರೆ. ಆ ತುಂಬುತನದ ದೊಡ್ಡ ಪಾಲು ಬರುವುದು ನೀರು ಕಡಿಮೆ ಇರುವುದರಿಂದ. ಮರದ, ಹಣ್ಣಿನ, ಹೊಗೆಯ ಅಂಶಗಳೆಲ್ಲ ಅದರಲ್ಲಿ ಕಡಿಮೆ ನೀರಿನಲ್ಲಿ ಹರಡಿವೆ, ಅಷ್ಟೆ. ನಿಮ್ಮ ಬೆಲೆಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. 700 ಮಿಲಿಯ ಬಾಟಲಿ ಎಂದುಕೊಳ್ಳಿ. ಶೇ. 40ರದ್ದರಲ್ಲಿ 280 ಮಿಲಿ ಆಲ್ಕೋಹಾಲ್, ಶೇ. 46ರದ್ದರಲ್ಲಿ 322 ಮಿಲಿ. ಎರಡನೆಯದಕ್ಕೆ ನೀವೇ ನೀರು ಬೆರೆಸಿ ಶೇ. 40ಕ್ಕೆ ಇಳಿಸಿದರೆ ಸುಮಾರು 805 ಮಿಲಿ ವಿಸ್ಕಿ ಆಗುತ್ತದೆ, ಅಂದರೆ ಶೇ. 15ರಷ್ಟು ಹೆಚ್ಚು. ನೀವು ಕೊಟ್ಟದ್ದು ಶೇ. 20 ಹೆಚ್ಚು. ಹಾಗಾಗಿ ಆ ಹೆಚ್ಚುವರಿ ಹಣದ ನಾಲ್ಕನೇ ಮೂರು ಭಾಗ ಬರಿಯ ವಿಸ್ಕಿಗೇ ಹೋಗಿದೆ. ಲೇಬಲ್‌ನ ಎರಡು ಪದಗಳಿಗೆ, ಆ ಡಿಸ್ಟಿಲರಿಯ ಹೆಸರಿಗೆ, ಉಳಿದ ಎಲ್ಲದಕ್ಕೆ ಸೇರಿ ಹೋದದ್ದು ಮಿಕ್ಕ ಸ್ವಲ್ಪ. ನನಗೆ ಇದು ನ್ಯಾಯವಾದ ಬೆಲೆಯಾಗಿಯೇ ಕಾಣುತ್ತದೆ. ಬೆಲೆ ಒಂದೂವರೆ ಪಟ್ಟು ಆಗಿದ್ದರೆ ಬೇರೆ ಮಾತು.

ಆದ್ದರಿಂದ ಲೇಬಲ್‌ನಲ್ಲಿ ಮೊದಲು ನೋಡಬೇಕಾದದ್ದು ಶೇಕಡಾವಾರು. ಎಷ್ಟು ಡಿಗ್ರಿಗೆ ತಣಿಸಿದರು, ಎಷ್ಟು ಹಾಳೆಗಳಲ್ಲಿ ಸೋಸಿದರು ಎಂಬುದನ್ನು ಯಾರೂ ಬಾಟಲಿಯ ಮೇಲೆ ಬರೆಯುವುದಿಲ್ಲ. ತಣಿಸದೆ ತುಂಬ ಸಣ್ಣ ರಂಧ್ರದ ಹಾಳೆಯಲ್ಲಿ ಬಿಗಿಯಾಗಿ ಸೋಸಿ ‘ನಾನ್ ಚಿಲ್ ಫಿಲ್ಟರ್ಡ್’ ಎಂದು ಬರೆದರೆ ಅದು ಸುಳ್ಳೂ ಅಲ್ಲ. ನೀರು ಬೆರೆಸದೆ ಪೀಪಾಯಿಯ ಬಲದಲ್ಲೇ ತುಂಬಿದ, ಶೇ. 55-60ರ ‘ಕಾಸ್ಕ್ ಸ್ಟ್ರೆಂತ್’ ವಿಸ್ಕಿಗಳು ಆ ಪದ ಬರೆಯದಿದ್ದರೂ ಸಾಮಾನ್ಯವಾಗಿ ತಣ್ಣಗೆ ಸೋಸಿದವಾಗಿರುವುದಿಲ್ಲ, ಅಷ್ಟು ಆಲ್ಕೋಹಾಲ್ ಇರುವಾಗ ಅದರ ಅಗತ್ಯವೇ ಬೀಳುವುದಿಲ್ಲ. ಇನ್ನು ಶೇ. 40ಕ್ಕೆ ಇಳಿಸಿ ಮಾರುವವರು ತಣ್ಣಗೆ ಸೋಸುವುದನ್ನು ಮೋಸ ಎನ್ನಲು ನಾನು ತಯಾರಿಲ್ಲ. ಸೋಸದೆ ಕಳಿಸಿದರೆ ಚಳಿಯ ಗೋದಾಮಿನಲ್ಲೇ ಬಾಟಲಿ ಮಸುಕಾಗುತ್ತದೆ, ನಿಮ್ಮ ಸ್ನೇಹಿತರಂಥವರು ಸಾವಿರ ಜನ ಅದನ್ನು ವಾಪಸ್ಸು ಕಳಿಸುತ್ತಾರೆ.

ಬಣ್ಣದ ವಿಷಯದಲ್ಲಿ ನನಗೆ ಇಷ್ಟು ಸಮಾಧಾನ ಇಲ್ಲ. ಅದಕ್ಕೆ ಕಾರಣ ಆರೋಗ್ಯವಲ್ಲ. ಅದನ್ನು ಮೊದಲು ಮುಗಿಸಿಬಿಡುತ್ತೇನೆ. ವಿಸ್ಕಿಯನ್ನು ಗಾಢವಾಗಿಸಲು ಕ್ಯಾರಮೆಲ್ ಬಣ್ಣ ಸೇರಿಸುವುದುಂಟು. ಈ ಬಣ್ಣದಲ್ಲಿ ನಾಲ್ಕು ವರ್ಗಗಳಿವೆ, ಇ150ಎಯಿಂದ ಇ150ಡಿವರೆಗೆ. ಕ್ಯಾನ್ಸರ್‌ನ ಚರ್ಚೆ ಎದ್ದದ್ದು 4-ಎಂಇಐ ಎಂಬ ಪದಾರ್ಥದ ಬಗ್ಗೆ. ಅದು ಉಂಟಾಗುವುದು ತಯಾರಿಕೆಯಲ್ಲಿ ಅಮೋನಿಯಾ ಬಳಸುವ ಕೊನೆಯ ಎರಡು ವರ್ಗಗಳಲ್ಲಿ, ಕೋಲಾ ಪಾನೀಯಗಳಿಗೆ ಹಾಕುವುದು ಇವುಗಳಲ್ಲಿ ಒಂದನ್ನು. ಸ್ಕಾಚ್ ವಿಸ್ಕಿಗೆ ಅನುಮತಿ ಇರುವುದು ಇ150ಎ, ಅಂದರೆ ಸಾದಾ ಕ್ಯಾರಮೆಲ್‌ಗೆ ಮಾತ್ರ. ಅದು ಸಕ್ಕರೆಯನ್ನು ಅಮೋನಿಯಾ, ಸಲ್ಫೈಟ್ ಇಲ್ಲದೆ ಕಾಯಿಸಿ ಮಾಡಿದ್ದು. ಬ್ರಿಟನ್ನಿನ 2009ರ ಸ್ಕಾಚ್ ವಿಸ್ಕಿ ನಿಯಮಗಳ ಪ್ರಕಾರ ನೀರು ಮತ್ತು ಈ ಸಾದಾ ಕ್ಯಾರಮೆಲ್ ಬಿಟ್ಟು ಬೇರೇನನ್ನೂ ಸೇರಿಸುವಂತಿಲ್ಲ. ವಿಸ್ಕಿಯಲ್ಲಿ ದೇಹಕ್ಕೆ ಕೆಡುಕು ಮಾಡುವುದು ಆಲ್ಕೋಹಾಲ್. ಆಲ್ಕೋಹಾಲ್ ಕ್ಯಾನ್ಸರ್‌ಕಾರಕ ಎಂಬುದು ಸ್ಥಾಪಿತ ಸತ್ಯ, ಆ ಲೆಕ್ಕದಲ್ಲಿ ನಿಮ್ಮ ತೆಳು ಬಣ್ಣದ ಬಾಟಲಿಗೆ ಯಾವ ರಿಯಾಯಿತಿಯೂ ಇಲ್ಲ.

ರುಚಿಯ ಮೇಲಿನ ಪರಿಣಾಮವೂ ಅಲ್ಪ. ಇ150ಎ ಕಪ್ಪು ಪಾಕದಂಥ ದ್ರವ. ನಾಲಗೆಗೆ ಮುಟ್ಟಿಸಿದರೆ ಸಿಹಿಯಲ್ಲ, ಕಹಿ. ಆದರೆ ಬಣ್ಣ ಎಷ್ಟು ತೀವ್ರವೆಂದರೆ ಒಂದು ಲೀಟರ್ ತೆಳು ವಿಸ್ಕಿಯ ಛಾಯೆ ಬದಲಾಗಲು ಕೆಲವೇ ಹನಿ ಸಾಕು. ಬಾಟಲಿಗೆ ತುಂಬುವ ಮುನ್ನ, ಹಿಂದಿನ ಸಲದ ಮಾದರಿಯ ಪಕ್ಕದಲ್ಲಿಟ್ಟು, ಉಪಕರಣದಲ್ಲಿ ಅಳೆದು ಇದನ್ನು ಬೆರೆಸುತ್ತಾರೆ. ಇದಕ್ಕೆ ಕಾರಣವೂ ಇದೆ. ನೂರಾರು ಪೀಪಾಯಿಗಳನ್ನು ಕೂಡಿಸಿದರೂ ಈ ವರ್ಷದ್ದು ಹೋದ ವರ್ಷದ್ದಕ್ಕಿಂತ ಒಂದು ಛಾಯೆ ತೆಳುವಾಗಿ ಬರಬಹುದು, ಒಂದೇ ಹೆಸರಿನ ಎರಡು ಬಾಟಲಿ ಅಕ್ಕಪಕ್ಕದಲ್ಲಿ ಬೇರೆ ಬೇರೆಯಾಗಿ ಕಂಡರೆ ಕೊಳ್ಳುವವರು ಎರಡನ್ನೂ ಬಿಟ್ಟು ಹೋಗುತ್ತಾರೆ. ಇಷ್ಟಕ್ಕೇ ಬಳಸಿದ್ದರೆ ನನ್ನ ತಕರಾರಿರುತ್ತಿರಲಿಲ್ಲ.

ನಾನು ಒಪ್ಪದಿರುವುದು ತೆಳು ವಿಸ್ಕಿಯನ್ನು ಮುದಿ ವಿಸ್ಕಿಯಂತೆ ಕಾಣಿಸುವುದನ್ನು. ಬಟ್ಟಿಯಿಂದ ಇಳಿದ ಹೊಸ ಸ್ಪಿರಿಟ್ ನೀರಿನಷ್ಟು ಬಣ್ಣರಹಿತ. ಅದಕ್ಕೆ ಸಹಜ ಬಣ್ಣವೆಲ್ಲ ಬರುವುದು ಮರದಿಂದ, ಮತ್ತು ಮರ ಎಷ್ಟು ಬಣ್ಣ ಕೊಡುತ್ತದೆ ಎಂಬುದು ವರ್ಷಕ್ಕಿಂತ ಪೀಪಾಯಿಯ ಪೂರ್ವಚರಿತ್ರೆಯನ್ನು ಅವಲಂಬಿಸಿದೆ. ಶೆರಿ ವೈನ್ ತುಂಬಿದ್ದ ಪೀಪಾಯಿಗೆ ಮೊದಲ ಸಲ ವಿಸ್ಕಿ ಬಿದ್ದರೆ ಹತ್ತೇ ವರ್ಷದಲ್ಲಿ ಕೆಂಗಂದು ಬಣ್ಣ. ಎರಡು ಮೂರು ಸಲ ವಿಸ್ಕಿ ತುಂಬಿ ಸೊರಗಿದ ಪೀಪಾಯಿಯಲ್ಲಿ ಇಪ್ಪತ್ತು ವರ್ಷ ಕಳೆದದ್ದು ಒಣಹುಲ್ಲಿನ ಬಣ್ಣದಲ್ಲೇ ಹೊರಬರಬಹುದು. ಅಮೆರಿಕದ ಬರ್ಬನ್ ವಿಸ್ಕಿಗೆ ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯೇ ಕಡ್ಡಾಯ, ಹಾಗಾಗಿ ನಾಲ್ಕು ವರ್ಷದ ಬರ್ಬನ್ ಕೂಡ ಅನೇಕ ಹಳೆಯ ಸ್ಕಾಚ್‌ಗಳಿಗಿಂತ ಗಾಢ. ಬರ್ಬನ್‌ಗೆ ಬಣ್ಣ ಸೇರಿಸುವಂತೆಯೂ ಇಲ್ಲ, ಅಲ್ಲಿ ಕಾಣುವುದೆಲ್ಲ ಮರದ್ದೇ. ಕ್ಯಾರಮೆಲ್ ಬಿದ್ದ ಕ್ಷಣ ಈ ಸುಳಿವು ಅಳಿಸಿಹೋಗುತ್ತದೆ. ನಿಮ್ಮ ಶೇ. 46ರ ಬಾಟಲಿಯ ತೆಳು ಬಣ್ಣ ‘ಇದು ಬಹುಶಃ ಬರ್ಬನ್ ತುಂಬಿ ಖಾಲಿಯಾದ ಹಳೆಯ ಪೀಪಾಯಿಯಲ್ಲಿ ಬೆಳೆದದ್ದು, ಶೆರಿಯ ಒಣದ್ರಾಕ್ಷಿ ರುಚಿ ನಿರೀಕ್ಷಿಸಬೇಡಿ’ ಎಂದು ನಿಮಗೆ ಮೊದಲೇ ಹೇಳುತ್ತಿದೆ. ಇನ್ನೊಂದು ಬಾಟಲಿಯ ಬಣ್ಣ ಮರದ್ದೂ ಇರಬಹುದು, ಕ್ಯಾರಮೆಲ್‌ನದ್ದೂ ಇರಬಹುದು, ಎರಡೂ ಇರಬಹುದು. ಅದು ನಿಮಗೆ ಏನನ್ನೂ ಹೇಳುವುದಿಲ್ಲ.

ಕಣ್ಣಿನಿಂದ ಕ್ಯಾರಮೆಲ್ ಪತ್ತೆಹಚ್ಚುತ್ತೇನೆ ಎನ್ನುವವರನ್ನು ನಂಬಬೇಡಿ. ಪ್ರಯೋಗಾಲಯದಲ್ಲಿ ಫರ್‌ಫ್ಯುರಾಲ್ ಮತ್ತು ಎಚ್‌ಎಂಎಫ್ ಎಂಬ ಎರಡು ಪದಾರ್ಥಗಳ ಅನುಪಾತ ನೋಡುತ್ತಾರೆ. ಸುಟ್ಟ ಓಕ್ ಮರದಿಂದ ಮೊದಲನೆಯದು ಹೆಚ್ಚು ಬರುತ್ತದೆ, ಕ್ಯಾರಮೆಲ್‌ನಿಂದ ಎರಡನೆಯದು. ನಮಗೆ ನಿಮಗೆ ಇರುವುದು ಲೇಬಲ್ ಮಾತ್ರ. ಜರ್ಮನಿಯಲ್ಲಿ ಮಾರುವ ಬಾಟಲಿಗಳ ಮೇಲೆ ಬಣ್ಣ ಸೇರಿಸಿರುವುದನ್ನು ಬರೆಯಲೇಬೇಕು, ಅಲ್ಲಿನ ಲೇಬಲ್‌ನಲ್ಲಿ ‘ಮಿಟ್ ಫಾರ್ಬ್‌ಸ್ಟಾಫ್’ ಎಂದಿರುತ್ತದೆ. ನಿಮ್ಮ ಗಾಢ ಬಣ್ಣದ ವಿಸ್ಕಿಯ ಹೆಸರು ಹಾಕಿ ಅಲ್ಲಿನ ಲೇಬಲ್‌ನ ಚಿತ್ರ ಹುಡುಕಿದರೆ ಉತ್ತರ ಸಿಗಬಹುದು. ಬೇರೆ ಕಡೆ ತಯಾರಕರು ‘ನ್ಯಾಚುರಲ್ ಕಲರ್’ ಎಂದು ತಾವಾಗಿ ಬರೆಯದಿದ್ದರೆ, ಸ್ಕಾಚ್‌ನಲ್ಲಿ ಬಣ್ಣ ಇರಬಹುದು ಎಂದು ಎಣಿಸುವುದೇ ಕ್ಷೇಮ. ಒಂದು ಪದ ಇದ್ದ ಮಾತ್ರಕ್ಕೆ ಇನ್ನೊಂದು ಇರಲೇಬೇಕೆಂದೂ ಇಲ್ಲ. ಬರ್ಬನ್‌ನ ಬಣ್ಣ ಸಹಜವಾದರೂ ಅದನ್ನು ತಣ್ಣಗೆ ಸೋಸಿರಬಹುದು. ಸೋಸದ ಸ್ಕಾಚ್‌ಗೆ ಕ್ಯಾರಮೆಲ್ ಹಾಕಿರಲೂಬಹುದು.

ನಿಮ್ಮ ಎರಡು ಬಾಟಲಿಗಳನ್ನು ನಿಜವಾಗಿ ಹೋಲಿಸಬೇಕೆಂದಿದ್ದರೆ ಶೇ. 46ರದ್ದರ 20 ಮಿಲಿಗೆ 3 ಮಿಲಿ ನೀರು ಹಾಕಿ, ಅದು ಶೇ. 40ಕ್ಕೆ ಬರುತ್ತದೆ. ಇನ್ನೊಂದನ್ನು ಹಾಗೆಯೇ ಸುರಿಯಿರಿ. ಎರಡೂ ಕೋಣೆಯ ಉಷ್ಣಾಂಶದಲ್ಲಿರಲಿ, ಬಣ್ಣ ಕಾಣದಂತೆ ಉಕ್ಕಿನ ಲೋಟ ಬಳಸಿ, ಯಾವುದು ಯಾವುದು ಎಂದು ನಿಮಗೆ ಗೊತ್ತಾಗದಂತೆ ಬೇರೊಬ್ಬರು ಕೊಡಲಿ. ಇವು ಬೇರೆ ಬೇರೆ ಮಾಲ್ಟ್‌ಗಳಾದ್ದರಿಂದ ಸೋಸುವಿಕೆಯ ಬಗ್ಗೆ ಈ ಪರೀಕ್ಷೆ ಏನನ್ನೂ ಸಾಬೀತು ಮಾಡುವುದಿಲ್ಲ, ಆದರೆ ಬಣ್ಣವೂ ಬಲವೂ ಬದಿಗೆ ಸರಿದ ಮೇಲೆ ನಿಮಗೆ ಯಾವುದು ಹಿಡಿಸುತ್ತದೆ ಎಂಬುದು ತಿಳಿಯುತ್ತದೆ. ಶೇ. 40ರ, 12 ವರ್ಷದ್ದೇ ಹಿಡಿಸಿದರೆ ಮುಂದಿನ ಸಲ ಅದನ್ನೇ ಕೊಳ್ಳಿ, ಆರನೇ ಒಂದು ಭಾಗ ಹಣ ಉಳಿಯುತ್ತದೆ.